ಎಂಟು ಸಾಲಿನ ಕೆಲಸ ನಾಲ್ಕೇ ಸಾಲಿನಲ್ಲಿ

ಚಿಪ್‌ನೊಳಗಿನ ಗುಣಾಕಾರ ನಾವು ಶಾಲೆಯಲ್ಲಿ ಕಲಿತಂತೆಯೇ ನಡೆಯುತ್ತದೆ. ಗುಣಕದ ಒಂದೊಂದು ಬಿಟ್‌ಗೂ ಒಂದೊಂದು ಸಾಲು, ಕೊನೆಗೆ ಎಲ್ಲದರ ಮೊತ್ತ. ಎಂಟು ಬಿಟ್‌ಗೆ ಎಂಟು ಸಾಲು. ಸಮಯವನ್ನೂ ಜಾಗವನ್ನೂ ತಿನ್ನುವುದು ಈ ಕೂಡುವಿಕೆಯೇ.

ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿದ್ದ ಆಂಡ್ರ್ಯೂ ಬೂತ್ 1951ರಲ್ಲಿ ಪ್ರಕಟಿಸಿದ ವಿಧಾನ ಋಣಸಂಖ್ಯೆಗಳನ್ನೂ ನೇರವಾಗಿ ಗುಣಿಸುತ್ತದೆ. ಅದರ ಸುಧಾರಿತ ರೂಪದಲ್ಲಿ ಗುಣಕವನ್ನು ಎರಡೆರಡು ಬಿಟ್ ಮುಂದೆ ಸರಿಯುತ್ತ, ಪ್ರತಿ ಸಲ ಮೂರು ಬಿಟ್ ನೋಡಲಾಗುತ್ತದೆ. ಮೂರನೆಯದು ಬಲಬದಿಯ ಜೋಡಿಯಿಂದ ಇಣುಕುವ ಬಿಟ್. ಪ್ರತಿ ಜೋಡಿಯೂ −2, −1, 0, 1, 2ರಲ್ಲಿ ಒಂದು ಅಂಕಿಯಾಗುತ್ತದೆ.

10ನ್ನು −25ರಿಂದ ಗುಣಿಸಬೇಕೆನ್ನೋಣ. ಎರಡರ ಪೂರಕದಲ್ಲಿ −25 ಎಂದರೆ 11100111. ಬಲತುದಿಗೆ ಒಂದು ಸೊನ್ನೆ ಸೇರಿಸಿ ಬಲದಿಂದ ಓದಿದರೆ 110, 011, 100, 111 ಸಿಗುತ್ತವೆ. ಇವು ಕ್ರಮವಾಗಿ −1, 2, −2, 0. ಸ್ಥಾನಬೆಲೆ 1, 4, 16, 64. ಹಾಗಾಗಿ ಸಾಲುಗಳು −10, 80, −320, 0, ಮೊತ್ತ −250. ಎಂಟರ ಬದಲು ನಾಲ್ಕೇ ಸಾಲು!

ಎರಡರಷ್ಟು ಬೇಕಾದರೆ ಎಡಕ್ಕೆ ಒಂದು ಸ್ಥಾನ ಸರಿಸಿದರಾಯಿತು. ಋಣ ಬೇಕಾದರೆ ಬಿಟ್‌ಗಳನ್ನು ತಿರುಗಿಸಿ 1 ಕೂಡಬೇಕು. ಮೂರು ಮೂರು ಬಿಟ್‌ಗಳ ಗುಂಪು ಮಾಡಿದರೆ ಸಾಲುಗಳು ಇನ್ನೂ ಇಳಿಯುತ್ತವೆ, ನಿಜ. ಆದರೆ ಆಗ ಮೂರರಷ್ಟು ಬೇಕಾಗುತ್ತದೆ, ಅದು ಬರೀ ಸರಿಸುವುದರಿಂದ ಸಿಗದು; ಮೊದಲೇ ಒಂದು ಸಂಕಲನ ಮಾಡಿಟ್ಟುಕೊಳ್ಳಬೇಕು.

ಎಡವುವ ಜಾಗವೊಂದಿದೆ. ಚಿಹ್ನೆಯಿಲ್ಲದ ಸಂಖ್ಯೆಯಾಗಿ ಓದಿದರೆ ಅದೇ 11100111 ಎಂದರೆ 231. ಅದನ್ನು ಹಾಗೆಯೇ ಕೊಟ್ಟರೆ 2310 ಬರಬೇಕಾದಲ್ಲಿ −250 ಬರುತ್ತದೆ. ಎಡಕ್ಕೆ ಎರಡು ಸೊನ್ನೆ ಹಚ್ಚಿ ಐದನೆಯ ಸಾಲು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ.