ಮೂರು ಸೆಕೆಂಡಿನಲ್ಲಿ ಸುಟ್ಟ ಕಾಗದ

ಜರ್ಮನ್ ಸಿನಿಮಾವೊಂದರಲ್ಲಿ ಹೆಂಡತಿ ಗಂಡನಿಗೆ ಹೀಗೆ ಹೇಳುತ್ತಾಳೆ ಎಂದುಕೊಳ್ಳಿ: ‘ಇಷ್ ಹಾಬೆ ಡೈನೆನ್ ಬ್ರೀಫ್ ಗೆಸ್ಟರ್ನ್ ಆಬೆಂಡ್, ಆಲ್ಸ್ ಡು ಶೋನ್ ಗೆಶ್ಲಾಫೆನ್ ಹಾಸ್ಟ್, ಇಮ್ ಓಫೆನ್ ಫೆರ್ಬ್ರಾಂಟ್.’ ನಿನ್ನೆ ರಾತ್ರಿ ನೀನು ಆಗಲೇ ಮಲಗಿದ್ದಾಗ ನಿನ್ನ ಕಾಗದವನ್ನು ಒಲೆಗೆ ಹಾಕಿ ಸುಟ್ಟುಬಿಟ್ಟೆ ಅಂತ. ಮಾತು ಮುಗಿಯಲು ಮೂರು ಸೆಕೆಂಡು ಸಾಕು. ಸಬ್‌ಟೈಟಲ್ ಬರೆಯುವವರಿಗೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ.

ಒಟಿಟಿ ಸಂಸ್ಥೆಗಳು ಸಾಮಾನ್ಯವಾಗಿ ಹಾಕುವ ಮಿತಿ ಇದು: ಒಮ್ಮೆಗೆ ಎರಡೇ ಸಾಲು, ಸಾಲಿಗೆ ಸುಮಾರು 42 ಗುರುತು. ಅಕ್ಷರ, ಖಾಲಿ ಜಾಗ, ಚುಕ್ಕಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಓದುವ ವೇಗವನ್ನು ಸೆಕೆಂಡಿಗೆ 17 ಗುರುತು ಎಂದು ಹಿಡಿಯುವುದು ಹಳೆಯ ರೂಢಿ; ಕೆಲವರು 20ರವರೆಗೂ ಹೋಗುತ್ತಾರೆ. ನಾವು 17ನ್ನೇ ಹಿಡಿದರೆ ಮೂರು ಸೆಕೆಂಡಿಗೆ 51 ಗುರುತು ದಕ್ಕಿತು.

ಆ ಮಾತನ್ನು ಒಂದನ್ನೂ ಬಿಡದೆ ಇಂಗ್ಲಿಷಿಗೆ ತಂದರೆ 74 ಗುರುತಾಗುತ್ತದೆ. ಆದ್ದರಿಂದ ಕತ್ತರಿ ಹಾಕಲೇಬೇಕು. ಒಲೆ ತೆರೆಯ ಮೇಲೆ ಕಾಣಿಸುತ್ತಿದ್ದರೆ ಅದನ್ನು ಹೇಳಬೇಕಾಗಿಲ್ಲ, ‘ಆಗಲೇ’ ಹೋದರೂ ನಷ್ಟವಿಲ್ಲ. ಹೀಗೆ ಇಳಿಸಿ ‘ಐ ಬರ್ನ್ಡ್ ಯುವರ್ ಲೆಟರ್ ಲಾಸ್ಟ್ ನೈಟ್ ವೈಲ್ ಯು ಸ್ಲೆಪ್ಟ್’ ಎಂದು ಬರೆದರೆ 48. ಲೆಕ್ಕ ಕೂಡಿತು, ದೃಶ್ಯ ಕೆಟ್ಟಿತು. ಜರ್ಮನ್‌ನಲ್ಲಿ ‘ಹಾಬೆ’ ಎಂಬ ಸಹಾಯಕ ಕ್ರಿಯಾಪದ ಎರಡನೆಯ ಜಾಗದಲ್ಲಿ ಕೂತು, ಸುಟ್ಟೆ ಎನ್ನುವ ‘ಫೆರ್ಬ್ರಾಂಟ್’ ವಾಕ್ಯದ ತುದಿಗೆ ಬರುತ್ತದೆ. ಕಾಗದ ಏನಾಯಿತೆಂದು ಗಂಡನಿಗೆ ಕೊನೆಯವರೆಗೂ ಗೊತ್ತಿಲ್ಲ. ಇಂಗ್ಲಿಷ್ ಓದುಗನಿಗೆ ಮಾತ್ರ ಎರಡನೆಯ ಪದಕ್ಕೇ ಗೊತ್ತು. ನುರಿತವರು ‘ಲಾಸ್ಟ್ ನೈಟ್, ವೈಲ್ ಯು ಸ್ಲೆಪ್ಟ್, ಐ ಬರ್ನ್ಡ್ ಯುವರ್ ಲೆಟರ್’ ಎಂದು ತಿರುಗಿಸುತ್ತಾರೆ. ಈಗ 50, ಮಿತಿಯೊಳಗೇ ಇದೆ, ಗುಟ್ಟೂ ಸ್ವಲ್ಪ ತಡೆದು ಬಿಡುತ್ತದೆ.

ಕನ್ನಡಕ್ಕೆ ಈ ಕಸರತ್ತು ಬೇಡ, ನಮ್ಮ ಕ್ರಿಯಾಪದವೂ ಕೊನೆಗೇ ಬರುವುದು. ಯಾರು ಸುಟ್ಟರೆಂದು ಸಂದರ್ಭದಿಂದಲೇ ತಿಳಿಯುವುದರಿಂದ ‘ನಾನು’ ಕೂಡ ಉಳಿಯಿತು:

ನಿನ್ನ ಕಾಗದ ನಿನ್ನೆ ರಾತ್ರಿ
ನೀನು ಮಲಗಿದ್ದಾಗ ಸುಟ್ಟುಬಿಟ್ಟೆ.

ಓದಲು ಹಗುರವಾಗಿದೆ. ಆದರೂ ತಂತ್ರಾಂಶ ಕೆಂಪು ತೋರಿಸಬಹುದು. ಏಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ‘ಟ್ಟೆ’ ಒಂದಲ್ಲ, ನಾಲ್ಕು ಗುರುತು: ಟ, ಹಲಂತ, ಇನ್ನೊಂದು ಟ, ಎತ್ವ. ಹಾಗೆ ಎಣಿಸಿದರೆ ಮೇಲಿನ ಸಾಲು 24, ಕೆಳಗಿನದು 28, ಒಟ್ಟು 52. ಮಿತಿಗಿಂತ ಒಂದು ಹೆಚ್ಚು! ನಮ್ಮ ಕಣ್ಣು ಕಾಣುವ ಅಕ್ಷರಗಳನ್ನೇ, ಖಾಲಿ ಜಾಗ ಮತ್ತು ಚುಕ್ಕಿಯ ಜತೆಗೆ, ಎಣಿಸಿದರೆ 26. ಅಂದರೆ ಯಂತ್ರ ಎಣಿಸಿದ್ದರ ಅರ್ಧ.

ಇಲ್ಲಿ ಗಾಬರಿಯಾದವರು ‘ಸುಟ್ಟುಬಿಟ್ಟೆ’ಯನ್ನು ‘ಸುಟ್ಟೆ’ ಮಾಡುತ್ತಾರೆ. ಕೆಂಪು ಹೋಗುತ್ತದೆ, ಜತೆಗೆ ‘ಬಿಟ್ಟೆ’ಯಲ್ಲಿದ್ದ ಆದದ್ದಾಯಿತು ಎಂಬ ಭಾವವೂ ಹೋಗುತ್ತದೆ. ನನ್ನ ಮಟ್ಟಿಗೆ ಅದು ತೀರಾ ದುಬಾರಿ ಉಳಿತಾಯ. ಅದರ ಬದಲು ಮಾತು ಮುಗಿದ ಮೇಲೆ ಸಬ್‌ಟೈಟಲನ್ನು ಎರಡು ಫ್ರೇಮ್ ಹೆಚ್ಚು ನಿಲ್ಲಿಸಿದರಾಯಿತು. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾದಲ್ಲಿ ಅಷ್ಟು ಹೊತ್ತಿಗೆ 52 ಗುರುತು ಮಿತಿಯೊಳಗೆ ಬರುತ್ತದೆ. ಮುಂದಿನ ಮಾತು ತಕ್ಷಣ ಶುರುವಾಗದಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ.

ನಟಿ ‘ಫೆರ್ಬ್ರಾಂಟ್’ಗೆ ಮೊದಲು ಉಸಿರು ಹಿಡಿದು ನಿಂತರೆ ಬೇರೆ ಕಥೆ. ಎರಡೂ ಸಾಲು ಒಟ್ಟಿಗೆ ತೆರೆಗೆ ಬಂದರೆ ಪ್ರೇಕ್ಷಕ ಅವಳಿಗಿಂತ ಮೊದಲೇ ಓದಿ ಮುಗಿಸುತ್ತಾನೆ. ಆಗ ‘ಮಲಗಿದ್ದಾಗ’ ಎಂಬಲ್ಲಿಗೆ ಒಂದು ಸಬ್‌ಟೈಟಲ್ ಮುಗಿಸಿ, ‘ಸುಟ್ಟುಬಿಟ್ಟೆ’ಯನ್ನು ಅವಳ ಬಾಯಿಂದ ಮಾತು ಹೊರಟ ಕ್ಷಣಕ್ಕೆ ಬಿಡಬೇಕು. ಯಾವ ಸಬ್‌ಟೈಟಲೂ ಕನಿಷ್ಠ 20 ಫ್ರೇಮ್ ನಿಲ್ಲಬೇಕೆಂಬ ನಿಯಮ ಸಾಮಾನ್ಯವಾಗಿ ಇರುತ್ತದೆ. ಅಷ್ಟರಲ್ಲಿ 14 ಗುರುತು ಹಿಡಿಯುತ್ತವೆ. ಚುಕ್ಕಿ ಸೇರಿ ಇದು 13.

ಸಾಲು ಮುರಿಯುವುದಕ್ಕೂ ಕ್ರಮವಿದೆ. ‘ನೀನು’ ಮೇಲೆ, ‘ಮಲಗಿದ್ದಾಗ’ ಕೆಳಗೆ ಆದರೆ ಕಣ್ಣು ಎಡವುತ್ತದೆ. ಕನ್ನಡಕ್ಕೆ ಇನ್ನೊಂದು ತಾಪತ್ರಯ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಗಲುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದಿಸಿಟ್ಟಿದ್ದರೆ ‘ರಾತ್ರಿ’ಯ ಒತ್ತು ಕಲಸಿಹೋಗುತ್ತದೆ. ಇದು ಫೈಲಿನಲ್ಲಿ ಗೊತ್ತಾಗುವುದಿಲ್ಲ. ಟಿವಿಯಲ್ಲೂ ಫೋನಿನಲ್ಲೂ ಹಾಕಿ ನೋಡಬೇಕು.

ಆದರೆ ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೆಡೆ ಇದೆ. ವಿದೇಶಿ ಸಿನಿಮಾದ ಕನ್ನಡ ಸಬ್‌ಟೈಟಲ್ ಅನೇಕ ವೇಳೆ ತಯಾರಾಗುವುದು ಇಂಗ್ಲಿಷ್ ಸಬ್‌ಟೈಟಲಿನಿಂದ. ಇಂಗ್ಲಿಷಿಗಾಗಿ ಕತ್ತರಿಸಿದ್ದನ್ನು ನಾವು ಮತ್ತೆ ಕತ್ತರಿಸುತ್ತೇವೆ. ಜರ್ಮನ್‌ನ ಸಲುಗೆಯ ‘ಡು’, ದೂರದ ‘ಜೀ’ ಎರಡೂ ಅಲ್ಲಿ ‘ಯು’ ಆಗಿರುತ್ತವೆ. ನಮ್ಮಲ್ಲಿ ‘ನೀನು’, ‘ನೀವು’ ಸಿದ್ಧವಾಗಿಯೇ ಇದ್ದರೂ ಯಾವುದನ್ನು ಹಾಕಬೇಕೆಂದು ಅನುವಾದಕ ಊಹಿಸಬೇಕು. ಕೆಲಸ ಕೊಡುವವರು ಇಂಗ್ಲಿಷ್ ಫೈಲಿನ ಜತೆಗೆ ಮೂಲ ಜರ್ಮನ್ ಸಂಭಾಷಣೆಯ ಪ್ರತಿಯನ್ನೂ ಕೊಡಲಿ, ಕನ್ನಡವನ್ನು ಕಾಣುವ ಅಕ್ಷರದ ಲೆಕ್ಕದಲ್ಲೇ ಎಣಿಸಲಿ.