ಓಕೆ ಆದ ಮೇಲೆ ಬಂದ ಕರೆಕ್ಷನ್

‘ಸಣ್ಣ ಚೇಂಜ್ ಅಷ್ಟೇ, ಐದು ನಿಮಿಷದ ಕೆಲಸ.’ ಮನೆಯಿಂದಲೇ ಡಿಸೈನ್, ಅನುವಾದ, ವಿಡಿಯೊ ಎಡಿಟಿಂಗ್ ಮಾಡಿ ಬದುಕುವವರ ಫೋನಿಗೆ ಈ ಮೆಸೇಜ್ ಬರುತ್ತಲೇ ಇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಹೋಗುತ್ತದೆ. ಒಂದು, ಹಲ್ಲುಕಚ್ಚಿ ‘ಆಯ್ತು ಸರ್’. ಇನ್ನೊಂದು, ಐದಾರು ಸಲ ಹಾಗೆ ಆದ ಮೇಲೆ ಒಮ್ಮೆಲೇ ಸಿಡಿದು ಬರೆದ ಉದ್ದನೆಯ ದೂರು. ಎರಡರಿಂದಲೂ ಹಣ ಬರುವುದಿಲ್ಲ. ಹಣ ತರುವ ಉತ್ತರ ಹೇಗಿರಬೇಕೆಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ದಾವಣಗೆರೆಯಲ್ಲಿ ಚಟ್ನಿಪುಡಿ ತಯಾರಿಸುವ ಮಹಿಳೆಯೊಬ್ಬರು ಡಿಸೈನರ್ ಒಬ್ಬಳಿಗೆ ಲೇಬಲ್ ಕೆಲಸ ಕೊಟ್ಟರು ಎಂದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಆದ ಒಪ್ಪಂದ ಇಷ್ಟು: 200 ಗ್ರಾಂ ಪೌಚಿನ ಮುಂಭಾಗ ಮತ್ತು ಹಿಂಭಾಗ, ಎರಡು ಸುತ್ತು ಕರೆಕ್ಷನ್, 12,000 ರೂಪಾಯಿ, ಅರ್ಧ ಮುಂಗಡ. ಮೊದಲ ಸುತ್ತಿನಲ್ಲಿ ಬಣ್ಣ ಬದಲಾಯಿತು, ಎರಡನೆಯದರಲ್ಲಿ ಫೋಟೊ ಮತ್ತು ಅಕ್ಷರದ ಗಾತ್ರ. ‘ಚೆನ್ನಾಗಿದೆ, ಓಕೆ’ ಎಂಬ ಮೆಸೇಜೂ ಬಂತು. ನಾಲ್ಕು ದಿನ ಬಿಟ್ಟು ಹೊಸ ಪಟ್ಟಿ ಬಂತು: ಪದಾರ್ಥಗಳ ಸಾಲಿನಲ್ಲಿ ‘ಉಪ್ಪು’ ತಪ್ಪಾಗಿದೆ, ಫೋನ್ ನಂಬರ್ ಬದಲಾಗಿದೆ, ಅಳಿಯಂದಿರಿಗೆ ಹಸಿರು ಹಿಡಿಸಲಿಲ್ಲ ಮೆರೂನ್ ಮಾಡಿ, ಹಾಗೇ ಇದನ್ನೇ ದೊಡ್ಡದು ಮಾಡಿ 500 ಗ್ರಾಂ ಪೌಚಿಗೂ ಕೊಡಿ.

ಈ ನಾಲ್ಕನ್ನೂ ‘ಕರೆಕ್ಷನ್’ ಎಂಬ ಒಂದೇ ಚೀಲಕ್ಕೆ ತುಂಬಿದಾಗಲೇ ಜಗಳಕ್ಕೆ ದಾರಿಯಾಗುತ್ತದೆ. ಉತ್ತರ ಬರೆಯುವ ಮುಂಚೆ ಅವನ್ನು ಬಿಡಿಸಿ ನೋಡಬೇಕು. ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ ಕೆಡುವುದುಂಟು. ‘ಉಪ್ಪು’ ಹಾಳಾಗಿದ್ದು ಹಾಗೆ. ಅದು ಡಿಸೈನರಳದೇ ತಪ್ಪು. ಎಷ್ಟನೇ ಸುತ್ತಾದರೂ ಅದನ್ನು ಬಿಟ್ಟಿಯಾಗಿಯೇ, ಎಲ್ಲಕ್ಕಿಂತ ಮೊದಲೇ ಸರಿಪಡಿಸಬೇಕು. ಫೋನ್ ನಂಬರ್ ಗ್ರಾಹಕರ ಕಡೆಯ ಬದಲಾವಣೆ, ಆದರೆ ನಿಜಕ್ಕೂ ಸಣ್ಣದು. ಮೆರೂನ್ ಬಣ್ಣ ಮಾತ್ರ ಒಪ್ಪಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು. ಹಸಿರಿಗೆ ಹೊಂದಿಸಿದ್ದ ಫೋಟೊದ ಹಿನ್ನೆಲೆ, ಅಕ್ಷರದ ಬಣ್ಣ ಎಲ್ಲವನ್ನೂ ಮತ್ತೆ ಕೂಡಿಸಬೇಕಾಗುತ್ತದೆ.

500 ಗ್ರಾಂ ಪೌಚ್ ಬೇರೆಯದೇ ಕೆಲಸ. ಗ್ರಾಹಕರಿಗೆ ಇದು ತಿಳಿದಿರುವುದಿಲ್ಲ, ತಿಳಿದಿರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ದೊಡ್ಡ ಪೌಚಿನ ಉದ್ದಗಲದ ಅನುಪಾತ ಬೇರೆ, ಮಡಿಕೆ ಮತ್ತು ಸೀಲ್ ಬರುವ ಜಾಗ ಬೇರೆ. ಪೊಟ್ಟಣ ಕಟ್ಟಿ ಮಾರುವ ವಸ್ತುಗಳ ತೂಕ, ಅಳತೆಯ ಕುರಿತ 2011ರ ನಿಯಮಗಳ ಪ್ರಕಾರ ಪ್ರಮಾಣ ಹೆಚ್ಚಿದಂತೆ ನಿವ್ವಳ ತೂಕದ ಅಂಕೆಗಳ ಕನಿಷ್ಠ ಎತ್ತರವೂ ಹೆಚ್ಚಬೇಕು. ಹಾಗಾಗಿ ಹಳೆಯದನ್ನು ಎಳೆದು ದೊಡ್ಡದು ಮಾಡಿದರೆ ಸಾಲದು, ಪ್ರತಿ ಸಾಲನ್ನೂ ಮತ್ತೆ ಕೂರಿಸಬೇಕು. ಇದನ್ನು ಎರಡು ವಾಕ್ಯದಲ್ಲಿ ವಿವರಿಸಿದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಇನ್ನು ದರ. ಇದನ್ನು ಅಂದಾಜಿನಲ್ಲಿ ಹೇಳಬಾರದು, ಮೂಲ ಕೆಲಸದಿಂದಲೇ ತೆಗೆಯಬೇಕು. 12,000 ರೂಪಾಯಿಯ ಕೆಲಸಕ್ಕೆ ಆಕೆ 24 ಗಂಟೆ ಲೆಕ್ಕ ಹಾಕಿದ್ದರೆ ಗಂಟೆಗೆ 500 ರೂಪಾಯಿ ಬಿತ್ತು. ಬಣ್ಣ ಬದಲಿಸಲು ಮೂರು ಗಂಟೆಗೆ 1,500, ಹೊಸ ಪೌಚಿಗೆ ಏಳು ಗಂಟೆಗೆ 3,500. ಯಾಕಿಷ್ಟು ಎಂದು ಕೇಳಿದರೆ ತೋರಿಸಲು ಲೆಕ್ಕವಿರುತ್ತದೆ.

ಈಗ ಉತ್ತರ ಹೀಗಿರಬಹುದು:

‘ನಮಸ್ಕಾರ ಮೇಡಮ್. ನಿನ್ನೆ ನೀವು ಕಳಿಸಿದ ಪಟ್ಟಿ ನೋಡಿದೆ. ಉಪ್ಪು ಎಂಬ ಪದ ತಪ್ಪಾಗಿದ್ದು ನನ್ನಿಂದ. ಈಗಲೇ ಸರಿಪಡಿಸಿ ಇದರ ಜೊತೆ ಕಳಿಸಿದ್ದೇನೆ. ಫೋನ್ ನಂಬರನ್ನೂ ಬದಲಿಸಿದ್ದೇನೆ, ಅದಕ್ಕೆ ಚಾರ್ಜ್ ಹಾಕಿಲ್ಲ. ಉಳಿದ ಎರಡರ ವಿಷಯ: ಮಾರ್ಚ್ 3ರಂದು ನಾವು ಮಾತಾಡಿಕೊಂಡಿದ್ದು 200 ಗ್ರಾಂ ಪೌಚ್ ಮತ್ತು ಎರಡು ಸುತ್ತು ಕರೆಕ್ಷನ್. ಎರಡೂ ಸುತ್ತು ಮುಗಿದು 19ರಂದು ನೀವು ಓಕೆ ಹೇಳಿದ್ದೀರಿ. ಮೆರೂನ್ ಬಣ್ಣಕ್ಕೆ ಮೂರು ಗಂಟೆ ಕೆಲಸ, 1,500 ರೂ. 500 ಗ್ರಾಂ ಪೌಚಿನ ಅಳತೆಯೇ ಬೇರೆ ಆದ್ದರಿಂದ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು, 3,500 ರೂ. ಎರಡೂ ಬೇಕಿದ್ದರೆ ಒಟ್ಟು 5,000. ಅರ್ಧ ಮುಂಗಡ ಬಂದ ದಿನದಿಂದ ನಾಲ್ಕು ದಿನದಲ್ಲಿ ಕೊಡುತ್ತೇನೆ. ಬೇಡವೆಂದರೆ ಹಸಿರು ಲೇಬಲ್ ಸಿದ್ಧವಿದೆ. ಬಾಕಿ 6,000 ಬಂದ ಕೂಡಲೇ ಪ್ರಿಂಟ್ ಫೈಲ್ ಕಳಿಸುತ್ತೇನೆ. ಯಾವುದು ಎಂದು ತಿಳಿಸಿ.’

ಈ ಪತ್ರದಲ್ಲಿ ನನಗೆ ಮುಖ್ಯವೆನಿಸುವುದು ಅದರ ಕ್ರಮ. ತನ್ನ ತಪ್ಪನ್ನು ಮೊದಲು ಒಪ್ಪಿ ಸರಿಪಡಿಸಿದವಳು ಮುಂದಿನ ಮಾತು ಆಡುವಾಗ ಯಾರೂ ಅನುಮಾನಿಸುವುದಿಲ್ಲ. ಫೋನ್ ನಂಬರಿಗೆ ಚಾರ್ಜ್ ಹಾಕಿಲ್ಲ ಎಂದು ಬರೆದದ್ದೂ ಬೇಕಾದದ್ದೇ. ಬಿಲ್ಲಿನಲ್ಲಿಯೂ ಆ ಕೆಲಸಕ್ಕೊಂದು ಸಾಲು ಹಾಕಿ, ಎದುರಿಗೆ ಸೊನ್ನೆ ಬರೆಯಬೇಕು. ಹೇಳದೆ ಮಾಡಿಕೊಟ್ಟ ಸಹಾಯ ಮುಂದಿನ ಸಲ ಹಕ್ಕಾಗಿ ಬರುತ್ತದೆ. ‘ನೀವು ಪದೇ ಪದೇ ಬದಲಿಸುತ್ತಿದ್ದೀರಿ’ ಎಂಬ ಮಾತು ಪತ್ರದಲ್ಲಿ ಎಲ್ಲೂ ಇಲ್ಲ, ತಾರೀಕುಗಳು ಮಾತ್ರ ಇವೆ. ಕೊನೆಗೆ ಗ್ರಾಹಕರ ಮುಂದೆ ಎರಡು ದಾರಿಗಳಿವೆ, ಎರಡರಲ್ಲೂ ಡಿಸೈನರಳ ಹಣ ಸಿಕ್ಕಿಹಾಕಿಕೊಳ್ಳುವುದಿಲ್ಲ. ಉತ್ತರ ಬರುವವರೆಗೆ ಮೆರೂನ್ ಬಣ್ಣಕ್ಕೆ ಕೈ ಹಾಕಬಾರದು. ‘ಮಾಡ್ತಾ ಇರಿ, ದುಡ್ಡಿನ ವಿಷಯ ಆಮೇಲೆ ನೋಡೋಣ’ ಎಂದರೂ ಹಾಕಬಾರದು.

‘ಮುಂದೆ ಇನ್ನೂ ಹತ್ತು ಲೇಬಲ್ ಕೆಲಸ ನಿಮಗೇ ಕೊಡ್ತೀನಿ, ಇದನ್ನು ಹೊಂದಿಸಿಕೊಳ್ಳಿ’ ಎಂಬ ಮಾತು ಬಂದರೆ, ಆ ರಿಯಾಯಿತಿಯನ್ನು ಹತ್ತರ ಆರ್ಡರ್ ಬಂದಾಗ ಅದೇ ಬಿಲ್ಲಿನಲ್ಲಿ ಕಳೆಯುತ್ತೇನೆ ಎಂದರಾಯಿತು. ‘ಮೊದಲೇ ಹೇಳಬೇಕಿತ್ತು’ ಎಂಬ ಆಕ್ಷೇಪ ಮಾತ್ರ ಕೆಲವೊಮ್ಮೆ ನ್ಯಾಯವಾದದ್ದು. ಎಷ್ಟು ಸುತ್ತು ಎಂದು ಎಲ್ಲೂ ಬರೆದಿಲ್ಲದಿದ್ದರೆ ಹಳೆಯ ಕರೆಕ್ಷನ್‌ಗಳಿಗೆ ಈಗ ಬಿಲ್ ಹಾಕುವುದು ತಪ್ಪು. ಅವನ್ನು ಬಿಟ್ಟುಬಿಡಿ. ‘ಇಲ್ಲಿಯವರೆಗಿನದು ಮೊದಲಿನ ಮೊತ್ತದಲ್ಲೇ ಸೇರಿತು, ಇನ್ನು ಮುಂದೆ ಪ್ರತಿ ಸುತ್ತಿಗೆ ಇಷ್ಟು’ ಎಂದು ಇವತ್ತಿನ ತಾರೀಕು ಹಾಕಿ ಗೆರೆ ಎಳೆಯಿರಿ.

ಕಾನೂನು ಈ ವಿಷಯದಲ್ಲಿ ಫ್ರೀಲ್ಯಾನ್ಸರ್ ಪಾಲಿಗೆ ಅಂದುಕೊಂಡಷ್ಟು ದೂರವಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಹಾಗಾಗಿ ವಾಟ್ಸ್ಆ್ಯಪ್ ಮಾತುಕತೆಯನ್ನು ಅಳಿಸಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರಿಗಾಗಿ ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು. ‘ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ’ ಎಂಬುದನ್ನು ಗಮನಿಸಿ. ಐದು ಸಲ ಸುಮ್ಮನೆ ಮಾಡಿಕೊಟ್ಟು ಆರನೇ ಸಲ ಹಣ ಕೇಳಿದವರಿಗೆ ತಮ್ಮ ಉದ್ದೇಶ ಸಾಬೀತು ಮಾಡುವುದು ಕಷ್ಟ. ಮೊದಲ ಹೆಚ್ಚುವರಿ ಕೆಲಸಕ್ಕೇ ದರ ಬರೆದು ಕಳಿಸಿದ ಮೆಸೇಜ್ ಅಲ್ಲಿ ಆಧಾರವಾಗುತ್ತದೆ.

ಬಾಕಿ ಹಣಕ್ಕೂ ಒಂದು ದಾರಿಯಿದೆ. ಸೇವೆ ಒದಗಿಸುವ ಒಂಟಿ ವ್ಯಕ್ತಿಯೂ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿಕೊಂಡವರಿಗೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯಂತೆ ಖರೀದಿದಾರರು ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ನೋಂದಣಿಗೆ ಶುಲ್ಕವಿಲ್ಲ. ಆದರೆ ಹಣ ನಿಂತ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಕೆಲಸಕ್ಕೆ ನೆರವಾಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ಮುಂದಿನ ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಳ್ಳಿ.