ದಿನದ ಬಾಕಿ, ತಿಂಗಳ ಬಡ್ಡಿ: ಬ್ಯಾಂಕಿನ ಲೆಕ್ಕವನ್ನು ನಾವೇ ನೋಡೋಣ

ಕಾರ್ಯಕ್ರಮದಲ್ಲಿ ಅಂಕಿಗಳು ಪರದೆಯ ಮೇಲೆ ಬಂದು ಬೇಗ ಸರಿದುಹೋಗುತ್ತವೆ. ಬರೆದುಕೊಳ್ಳುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತದೆ. ಆದ್ದರಿಂದ ಈ ಒಂದು ಲೆಕ್ಕವನ್ನು ಇಲ್ಲಿ ಅಚ್ಚಿನಲ್ಲಿ, ನಿಧಾನವಾಗಿ ಮಾಡೋಣ. ಒಂದು ಕಾಗದ ಮತ್ತು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲಿ ಬಿತ್ತನೆ ಬೀಜ ಮತ್ತು ಗೊಬ್ಬರದ ಒಂದು ಅಂಗಡಿ ಇದೆ ಎಂದು ಇಟ್ಟುಕೊಳ್ಳಿ. ಅಂಗಡಿ ಕಲ್ಪನೆಯದು, ಆದರೆ ಅದರ ಪಾಡು ಕಲ್ಪನೆಯದಲ್ಲ. ಮುಂಗಾರು ಹನಿ ಬೀಳುತ್ತಿದ್ದಂತೆ ಮೆಕ್ಕೆಜೋಳದ ಬೀಜಕ್ಕೆ, ಗೊಬ್ಬರಕ್ಕೆ ಜನ ಬರುತ್ತಾರೆ. ಅವರು ಬರುವ ಮೊದಲೇ ದಾವಣಗೆರೆಯ ಸಗಟು ವ್ಯಾಪಾರಿಗೆ ಹಣ ಕೊಟ್ಟು ಸರಕು ತುಂಬಿಸಬೇಕು. ಕೊಂಡವರಲ್ಲಿ ಕೆಲವರು ನಗದು ಕೊಡುತ್ತಾರೆ, ಉಳಿದವರು ಬೆಳೆ ಬಂದ ಮೇಲೆ. ನಡುವಿನ ಈ ಕೊರತೆಗೆಂದೇ ಬ್ಯಾಂಕು ಕ್ಯಾಷ್ ಕ್ರೆಡಿಟ್ ಖಾತೆ ಕೊಡುತ್ತದೆ. ನಮ್ಮ ಅಂಗಡಿಗೆ 5 ಲಕ್ಷ ರೂಪಾಯಿಯ ಮಿತಿ ಇದೆ ಎನ್ನೋಣ. ಅಷ್ಟರೊಳಗೆ ಬೇಕಾದಾಗ ತೆಗೆಯಬಹುದು, ಬಂದಾಗ ಕಟ್ಟಬಹುದು. ಬಡ್ಡಿ ಬೀಳುವುದು 5 ಲಕ್ಷಕ್ಕಲ್ಲ. ತೆಗೆದುಕೊಂಡಿರುವ ಹಣಕ್ಕೆ, ಅದು ಹೊರಗಿದ್ದಷ್ಟು ದಿನಕ್ಕೆ.

ತೊಡಕು ಇರುವುದು ಇಲ್ಲೇ. ತೆಗೆದಿರುವ ಹಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಹಾಗಾದರೆ ತಿಂಗಳ ಬಡ್ಡಿಯನ್ನು ಯಾವ ಮೊತ್ತದ ಮೇಲೆ ಹಾಕಬೇಕು?

ಮನೆಯ ವಿದ್ಯುತ್ ಮೀಟರನ್ನು ನೆನೆಯಿರಿ. ನೂರು ವ್ಯಾಟಿನ ದೀಪ ಹತ್ತು ಗಂಟೆ ಉರಿದರೂ ಒಂದು ಯೂನಿಟ್, ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೂ ಒಂದು ಯೂನಿಟ್. ಸಾಮರ್ಥ್ಯವನ್ನು ಹೊತ್ತಿನಿಂದ ಗುಣಿಸಿದ್ದೇವೆ. ಸಾಲಕ್ಕೂ ಅಂಥದೇ ಒಂದು ಯೂನಿಟ್ ಇದೆ, ಅದನ್ನು 'ರೂಪಾಯಿ-ದಿನ' ಎಂದು ಕರೆಯೋಣ. ಒಂದು ಲಕ್ಷ ರೂಪಾಯಿ ಮೂರು ದಿನ ಬಾಕಿ ಇದ್ದರೆ ಮೂರು ಲಕ್ಷ ರೂಪಾಯಿ-ದಿನ. ಬ್ಯಾಂಕಿನವರು ಇದಕ್ಕೆ ಗುಣಲಬ್ಧ ಎನ್ನುತ್ತಾರೆ. ತಿಂಗಳ ಗುಣಲಬ್ಧಗಳನ್ನೆಲ್ಲ ಕೂಡಿ, ವರ್ಷದ ಬಡ್ಡಿ ದರದಿಂದ ಗುಣಿಸಿ, 36500ರಿಂದ ಭಾಗಿಸಿದರೆ ಬಡ್ಡಿ ಸಿಕ್ಕಿತು. ವರ್ಷದ 365 ದಿನಗಳನ್ನು ಶೇಕಡಾದ ನೂರರಿಂದ ಗುಣಿಸಿದಾಗ ಬಂದದ್ದು ಆ 36500. ಅಧಿಕ ವರ್ಷದಲ್ಲಿ 366 ಹಿಡಿಯಬೇಕೇ ಎಂಬುದನ್ನು ಮಾತ್ರ ಸಾಲದ ಕರಾರುಪತ್ರದಲ್ಲಿ ನೋಡಿಕೊಳ್ಳಬೇಕು.

ಬಡ್ಡಿ = ಗುಣಲಬ್ಧಗಳ ಮೊತ್ತ × ದರ ÷ 36500

ಈಗ ಅಂಗಡಿಯ ಜೂನ್ ತಿಂಗಳ ಖಾತೆ ತೆರೆಯೋಣ. ದರ ವರ್ಷಕ್ಕೆ ಶೇ. 10.95 ಎಂದು ಇಟ್ಟುಕೊಂಡಿದ್ದೇನೆ. ಇದು ನನ್ನ ಒಂದು ಸಣ್ಣ ಜಾಣತನ: 10.95ನ್ನು 365ರಿಂದ ಭಾಗಿಸಿದರೆ ಸರಿಯಾಗಿ 0.03 ಬರುತ್ತದೆ. ಅಂದರೆ ನೂರು ರೂಪಾಯಿಗೆ ದಿನಕ್ಕೆ ಮೂರು ಪೈಸೆ, ಒಂದು ಲಕ್ಷಕ್ಕೆ ದಿನಕ್ಕೆ 30 ರೂಪಾಯಿ.

ಜೂನ್ 1ರ ಬೆಳಿಗ್ಗೆ ಬಾಕಿ 2,00,000. ನಾಲ್ಕನೇ ತಾರೀಖು ಸಗಟು ವ್ಯಾಪಾರಿಯ 1,50,000ದ ಚೆಕ್ ಖರ್ಚು ಬಿತ್ತು. ಹನ್ನೊಂದರಂದು 40,000 ನಗದು ಕಟ್ಟಿದರು. ಹದಿನೆಂಟರಂದು ಮತ್ತೆ 1,20,000 ಖರ್ಚು. ಇಪ್ಪತ್ತೈದರಂದು ಗಿರಾಕಿಯೊಬ್ಬರ 70,000ದ ಚೆಕ್ ಜಮೆಯಾಯಿತು. ತಿಂಗಳಲ್ಲಿ ನಾಲ್ಕೇ ವ್ಯವಹಾರ. ನಿಜವಾದ ಅಂಗಡಿಯಲ್ಲಿ ನಲವತ್ತು ಇರಬಹುದು, ಕ್ರಮ ಮಾತ್ರ ಇದೇ.

ಜೂನ್ 1–3: 2,00,000 × 3 ದಿನ = 6,00,000
ಜೂನ್ 4–10: 3,50,000 × 7 ದಿನ = 24,50,000
ಜೂನ್ 11–17: 3,10,000 × 7 ದಿನ = 21,70,000
ಜೂನ್ 18–24: 4,30,000 × 7 ದಿನ = 30,10,000
ಜೂನ್ 25–30: 3,60,000 × 6 ದಿನ = 21,60,000

ದಿನಗಳನ್ನು ಮೊದಲು ಕೂಡಿ: 3, 7, 7, 7, 6 ಸೇರಿ 30. ಇದು ಹೊಂದದಿದ್ದರೆ ಮುಂದೆ ಹೋಗಬೇಡಿ. ಕೊನೆಯ ಮೊತ್ತವನ್ನು ಒಂದು ದಿನ ಹೆಚ್ಚು ಎಣಿಸಿದರೂ 108 ರೂಪಾಯಿ ಏರುತ್ತದೆ. ಗುಣಲಬ್ಧಗಳ ಮೊತ್ತ 1,03,90,000. ಇದನ್ನು 10.95ರಿಂದ ಗುಣಿಸಿ 36500ರಿಂದ ಭಾಗಿಸಿದರೆ 3,117 ರೂಪಾಯಿ. ಜೂನ್ ತಿಂಗಳಿಗೆ ಬೀಳಬೇಕಾದ ಬಡ್ಡಿ ಇಷ್ಟೇ.

ತಿಂಗಳ ಕೊನೆಯ ಬಾಕಿಗೆ ಬಡ್ಡಿ ಹಾಕಿ ಹನ್ನೆರಡರಿಂದ ಭಾಗಿಸಿದರೆ ಸಾಲದೇ ಎಂದು ಕೇಳುವವರುಂಟು. ಹಾಗೆ ಮಾಡಿದರೆ 3,285 ಬರುತ್ತದೆ. ತಿಂಗಳ ಮೊದಲ ಮತ್ತು ಕೊನೆಯ ಬಾಕಿಯ ಸರಾಸರಿ ತೆಗೆದರೆ 2,555. ಒಂದು ಹೆಚ್ಚು, ಒಂದು ಕಡಿಮೆ. ಗ್ರಾಫ್ ಕಾಗದದ ಮೇಲೆ ದಿನಗಳನ್ನು ಅಡ್ಡಕ್ಕೂ ಬಾಕಿಯನ್ನು ಉದ್ದಕ್ಕೂ ಗುರುತಿಸಿ ನೋಡಿ, ಮೆಟ್ಟಿಲುಗಳಂಥ ಚಿತ್ರ ಬರುತ್ತದೆ. ಬಡ್ಡಿ ಬೀಳುವುದು ಆ ಮೆಟ್ಟಿಲುಗಳ ಕೆಳಗಿನ ಕ್ಷೇತ್ರಫಲಕ್ಕೆ. ಕೊನೆಯ ಮೆಟ್ಟಿಲಿನ ಎತ್ತರವೊಂದನ್ನೇ ನೋಡಿ ಕ್ಷೇತ್ರಫಲ ಹೇಳಲಾಗದು.

'ದಿನದ ಬಾಕಿ' ಎಂದರೆ ಆ ದಿನದ ವ್ಯವಹಾರವೆಲ್ಲ ಮುಗಿದ ಮೇಲೆ ಉಳಿಯುವ ಬಾಕಿ. ಬೆಳಿಗ್ಗೆ ಒಂದು ಲಕ್ಷ ತೆಗೆದು ಸಂಜೆಯೊಳಗೆ ಕಟ್ಟಿದರೆ ಗುಣಲಬ್ಧಕ್ಕೆ ಅದು ಕಾಣುವುದೇ ಇಲ್ಲ. ಭಾನುವಾರಕ್ಕೆ ಶನಿವಾರದ ಬಾಕಿಯೇ ಮುಂದುವರಿಯುತ್ತದೆ. ಹೀಗಾಗಿ ಶನಿವಾರ ಬ್ಯಾಂಕು ತೆರೆದಿದ್ದೂ ಲಕ್ಷ ರೂಪಾಯಿಯನ್ನು ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡು ಸೋಮವಾರ ಕಟ್ಟಿದರೆ ಎರಡು ದಿನದ ಬಡ್ಡಿ, ನಮ್ಮ ದರದಲ್ಲಿ 60 ರೂಪಾಯಿ, ಸುಮ್ಮನೆ ಹೋಯಿತು. ಬಾಕಿ ಪೂರ್ತಿ ತೀರಿ ಖಾತೆಯಲ್ಲಿ ನಮ್ಮದೇ ಹಣ ಜಮೆ ಇರುವ ದಿನ ಗುಣಲಬ್ಧ ಸೊನ್ನೆ. ಅದನ್ನು ಋಣ ಸಂಖ್ಯೆಯಾಗಿ ಹಿಡಿದು ಉಳಿದ ದಿನಗಳಿಂದ ಕಳೆಯಬಾರದು. ಗಣಿತ ಚೆನ್ನಾಗಿ ಬರುವ ಹುಡುಗರೇ ಈ ತಪ್ಪು ಮಾಡುವುದು!

ಇನ್ನು ತಾಳೆ ನೋಡುವ ಕೆಲಸ. ಖಾತೆಯ ಪಟ್ಟಿಯಲ್ಲಿ ಬ್ಯಾಂಕು ಜೂನ್ ಬಡ್ಡಿ ಎಂದು 3,402 ಖರ್ಚು ಹಾಕಿದೆ ಎಂದುಕೊಳ್ಳಿ. ನಮ್ಮ ಲೆಕ್ಕಕ್ಕಿಂತ 285 ಹೆಚ್ಚು. ಒಂದು ರೂಪಾಯಿಯೊಳಗಿನ ವ್ಯತ್ಯಾಸವಾದರೆ ಪೈಸೆಯನ್ನು ಪೂರ್ಣಗೊಳಿಸಿದ್ದು ಎಂದು ಬಿಡಬಹುದು, ಇದು ಹಾಗಲ್ಲ. ಕೂಡಲೇ ಬ್ಯಾಂಕಿಗೆ ಓಡಬೇಡಿ, ಆ 285 ಎಲ್ಲಿಂದ ಬಂತೆಂದು ಅದನ್ನೇ ಕೇಳೋಣ.

ಸೂತ್ರವನ್ನು ಹಿಂದುಮುಂದು ಮಾಡಿ. ಬ್ಯಾಂಕಿನ 3,402ನ್ನು 36500ರಿಂದ ಗುಣಿಸಿ, ನಮ್ಮ ಗುಣಲಬ್ಧ 1,03,90,000ರಿಂದ ಭಾಗಿಸಿ. ಉತ್ತರ 11.95. ಸರಿಯಾಗಿ ಒಂದು ಶೇಕಡಾ ಹೆಚ್ಚು! ತಾರೀಖುಗಳಲ್ಲಿ ತಪ್ಪಿದ್ದರೆ ಹೀಗೆ ಅಚ್ಚುಕಟ್ಟಾದ ದರ ಹೊರಬೀಳುವುದು ಅಪರೂಪ. ಅಂದರೆ ಬಾಕಿಯ ಬಗ್ಗೆ ಬ್ಯಾಂಕಿಗೂ ನಮಗೂ ಭಿನ್ನಾಭಿಪ್ರಾಯವಿಲ್ಲ, ದರದ ಬಗ್ಗೆ ಮಾತ್ರ ಇದೆ.

ದರ ಹೆಚ್ಚಲು ನ್ಯಾಯವಾದ ಕಾರಣ ಇರಬಹುದು. ರೆಪೋ ದರದಂಥ ಮೂಲ ದರಕ್ಕೆ ಸಾಲವನ್ನು ಕಟ್ಟಿದ್ದರೆ ಅದು ಏರಿದಾಗ ಇದೂ ಏರುತ್ತದೆ; ಏರಿದ ತಾರೀಖನ್ನು ಕೇಳಿ ತಿಳಿದು, ಆ ತಾರೀಖಿನ ಹಿಂದಿನ ದಿನಗಳಿಗೆ ಹಳೆಯ ದರ, ಮುಂದಿನ ದಿನಗಳಿಗೆ ಹೊಸ ದರ ಹಾಕಿ ನೋಡಬೇಕು. ಇನ್ನೊಂದು ಸಾಧ್ಯತೆ ದಂಡ. ಕ್ಯಾಷ್ ಕ್ರೆಡಿಟ್ ಪಡೆದವರು ಅಂಗಡಿಯ ದಾಸ್ತಾನಿನ ಪಟ್ಟಿಯನ್ನು ಗೊತ್ತಾದ ತಾರೀಖಿಗೆ ಬ್ಯಾಂಕಿಗೆ ಕೊಡಬೇಕು. ಕೊಡದಿದ್ದಾಗ ದರದ ಮೇಲೇ ಒಂದೋ ಎರಡೋ ಶೇಕಡಾ ಏರಿಸುವ ರೂಢಿ ಹಿಂದೆ ಇತ್ತು. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದನ್ನು ನಿಲ್ಲಿಸಿತು. ದಂಡವಿದ್ದರೆ ಅದು ಬಡ್ಡಿಯಿಂದ ಬೇರೆಯಾದ ಶುಲ್ಕವಾಗಿ ಬರಬೇಕು, ಬಡ್ಡಿ ದರಕ್ಕೆ ಸೇರಿಸಬಾರದು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದಿತು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದ್ದರಿಂದ ನಮ್ಮ ಅಂಗಡಿಯವರು ಜೂನ್ ಪಟ್ಟಿಯನ್ನು ತಡವಾಗಿ ಕೊಟ್ಟಿದ್ದರೂ ದರ 11.95 ಆಗುವಂತಿಲ್ಲ.

ತಾರೀಖಿನ ತಪ್ಪು ಬೇರೆ ಥರ ಕಾಣುತ್ತದೆ. ಬ್ಯಾಂಕು 3,165 ಹಾಕಿದ್ದರೆ? ವ್ಯತ್ಯಾಸ 48. ಸೂತ್ರ ತಿರುಗಿಸಿದರೆ ದರ ಸುಮಾರು 11.12, ಯಾರೂ ನಿಗದಿ ಮಾಡಿದಂತೆ ತೋರದ ಅಂಕಿ. ಆಗ 48ನ್ನು ದಿನದ ದರ 0.0003ರಿಂದ ಭಾಗಿಸಿ: 1,60,000 ರೂಪಾಯಿ-ದಿನ. ಈಗ ತಿಂಗಳ ನಾಲ್ಕು ವ್ಯವಹಾರಗಳ ಮೊತ್ತದಿಂದ ಇದನ್ನು ಒಂದೊಂದಾಗಿ ಭಾಗಿಸುತ್ತ ಹೋಗಿ. 1,50,000, 1,20,000, 70,000 ಯಾವುದರಿಂದಲೂ ಪೂರ್ಣ ಸಂಖ್ಯೆ ಬಾರದು. 40,000ದಿಂದ ಭಾಗಿಸಿದರೆ ಮಾತ್ರ 4. ಹನ್ನೊಂದರಂದು ಕಟ್ಟಿದ ನಗದನ್ನು ಬಡ್ಡಿಯ ಲೆಕ್ಕಕ್ಕೆ ಹದಿನೈದರಿಂದ ಹಿಡಿದಿದ್ದಾರೆ ಎಂಬ ಗುಮಾನಿ ಬರುತ್ತದೆ. ಗುಮಾನಿ ಮಾತ್ರ, ಹಣ ಕಟ್ಟಿದ ಚಲನ್ ತೆಗೆದು ಮೊಹರಿನ ತಾರೀಖು ನೋಡಬೇಕು.

ಬ್ಯಾಂಕುಗಳಲ್ಲಿ ತಾರೀಖು ತಪ್ಪುತ್ತದೆಯೇ ಎಂದು ನೀವು ಕೇಳಬಹುದು. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕೇ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕಾಯಿತು. ಹಣ ಕೈಗೆ ಕೊಡುವ ಮೊದಲೇ, ಸಾಲ ಮಂಜೂರಾದ ದಿನದಿಂದಲೇ ಬಡ್ಡಿ ಎಣಿಸಿದ ಸಂಗತಿಗಳನ್ನೂ, ತಿಂಗಳ ನಡುವೆ ಪಡೆದ ಅಥವಾ ತೀರಿಸಿದ ಸಾಲಕ್ಕೆ ಇಡೀ ತಿಂಗಳ ಬಡ್ಡಿ ಹಾಕಿದ ಸಂಗತಿಗಳನ್ನೂ ಅದರಲ್ಲಿ ಹೇಳಿದೆ. ಆದರೆ ತಪ್ಪು ನಮ್ಮದೂ ಇರಬಹುದು. ಮೇಲಿನ 70,000ದ ಚೆಕ್ಕನ್ನು ಅಂಗಡಿಯವರು 24ರ ಸಂಜೆ ಬ್ಯಾಂಕಿಗೆ ಕೊಟ್ಟಿದ್ದರು, ಹಣ ಖಾತೆಗೆ ಬಂದದ್ದು 25ಕ್ಕೆ. ಅಂಗಡಿಯ ಪುಸ್ತಕ ನೋಡಿ 24 ಎಂದು ಬರೆದುಕೊಂಡರೆ ನಮ್ಮ ಬಡ್ಡಿ 21 ರೂಪಾಯಿ ಕಡಿಮೆ ಬರುತ್ತದೆ. ಚೆಕ್ಕಿಗೆ ಹಣ ಬಂದ ದಿನ ಮುಖ್ಯ, ಕೊಟ್ಟ ದಿನವಲ್ಲ.

ಹೀಗೆ ಹುಡುಕಿದ ಮೇಲೆ ಮ್ಯಾನೇಜರಿಗೆ ಒಂದು ಪುಟದ ಪತ್ರ ಬರೆಯಿಸಿ. ನಮ್ಮ ಐದು ಸಾಲಿನ ಲೆಕ್ಕ, ಗುಣಲಬ್ಧಗಳ ಮೊತ್ತ, ಮಂಜೂರಾತಿ ಪತ್ರದ ದರ, ಬ್ಯಾಂಕು ಹಾಕಿದಂತೆ ಕಾಣುವ ದರ, ಇಷ್ಟು ಸಾಕು. 'ಬಡ್ಡಿ ಜಾಸ್ತಿ ಬಿದ್ದಿದೆ' ಎಂದಷ್ಟೇ ಹೇಳಿದರೆ 'ಕಂಪ್ಯೂಟರ್ ಹಾಕಿದ್ದು' ಎಂಬ ಉತ್ತರ ಬರುತ್ತದೆ, '11.95 ಹಾಕಿದ್ದೀರಿ, ಯಾಕೆ?' ಎಂದರೆ ಅವರು ಕಡತ ತೆಗೆಯಲೇಬೇಕು. ಸ್ವೀಕೃತಿ ಪಡೆದುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪುವಂಥ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಒಂದು ಮಾತು ಉಳಿಯಿತು. 2002ರ ಏಪ್ರಿಲ್ 1ರಿಂದ ಇಂಥ ಸಾಲಗಳಿಗೆ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಹಾಕುವ ಬದಲು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಬಂದಿದೆ. ಬೆಳೆ ಸಾಲಗಳಿಗೆ ಮಾತ್ರ ಅದು ಬೆಳೆಯ ಹಂಗಾಮನ್ನು ಅನುಸರಿಸುತ್ತದೆ. ಹಾಗೆ ಬಿದ್ದ ಬಡ್ಡಿ ಕಟ್ಟುವವರೆಗೆ ಬಾಕಿಯಲ್ಲೇ ಸೇರಿ ನಿಲ್ಲುತ್ತದೆ. ನಮ್ಮ ಅಂಗಡಿಯ ಜುಲೈ 1ರ ಬಾಕಿ 3,60,000 ಅಲ್ಲ, 3,63,117 ಆಗಬೇಕಿತ್ತು. ಬ್ಯಾಂಕಿನ ತಪ್ಪಿನಿಂದ 3,63,402 ಆಗಿದೆ. ಜುಲೈ 20ರಂದು ಬ್ಯಾಂಕು 285ನ್ನು ಮರಳಿ ಜಮೆ ಮಾಡಿತು ಎನ್ನಿ. ಜುಲೈ 1ರಿಂದ 19ರವರೆಗೆ ಹತ್ತೊಂಬತ್ತು ದಿನ ಆ 285ರ ಮೇಲೂ ಬಡ್ಡಿ ಓಡಿದೆ, 1 ರೂಪಾಯಿ 62 ಪೈಸೆ. ಜಮೆಯನ್ನು ಜೂನ್ 30ರಿಂದಲೇ ಲೆಕ್ಕಕ್ಕೆ ಹಿಡಿದಿದ್ದರೆ ಅದೂ ಬಿದ್ದುಹೋಗುತ್ತದೆ. ಹಿಡಿದಿದ್ದಾರೋ ಇಲ್ಲವೋ ಎಂಬುದು ಜುಲೈ ತಿಂಗಳ ಲೆಕ್ಕ ಮಾಡಿದಾಗ ನಿಮಗೇ ಗೊತ್ತಾಗುತ್ತದೆ.